ಬಾಯಿ-ಕುತ್ತಿಗೆಗೆ ರೇಡಿಯೇಷನ್: ಮಾಸ್ಕ್, ಪ್ಲಾನಿಂಗ್ ಸ್ಕ್ಯಾನ್, ಚರ್ಮದ ಗುರುತು – ಕೊಡಗಿನಿಂದ ಹೋಗುವವರಿಗೆ

ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಡಾಕ್ಟರು ರೇಡಿಯೇಷನ್ ಬರೆದುಕೊಟ್ಟ ಕೂಡಲೇ ಮನೆಯವರು ಕೇಳುವುದು, "ಕರೆಂಟು ಯಾವತ್ತಿಂದ ಶುರು?" ಎಂದು. ಬ್ಯಾಗು ತುಂಬಿಕೊಂಡು ಮೈಸೂರಿಗೋ ಮಂಗಳೂರಿಗೋ ಹೋದರೆ ಅವತ್ತು ಕರೆಂಟು ಕೊಡುವುದಿಲ್ಲ. ಮುಖಕ್ಕೆ ಮಾಸ್ಕ್ ಮಾಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ, "ಫೋನ್ ಮಾಡಿದಾಗ ಬನ್ನಿ" ಎಂದು ಕಳಿಸುತ್ತಾರೆ. ಫೋನು ಬರಲು ಸಾಮಾನ್ಯವಾಗಿ ನಾಲ್ಕೈದು ದಿನದಿಂದ ಒಂದು ವಾರ. ಸುಮ್ಮನೆ ಕಾಯಿಸಿದರು ಎಂದು ಬೇಸರಪಟ್ಟುಕೊಳ್ಳುವವರು ಬಹಳ. ಆದರೆ ಚಿಕಿತ್ಸೆ ಸರಿಯಾದ ಜಾಗಕ್ಕೆ ಬೀಳುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ತೀರ್ಮಾನವಾಗುವುದು ಆ ಮಾಸ್ಕ್ ದಿನ ಮತ್ತು ಅದರ ಹಿಂದುಮುಂದಿನ ಒಂದೆರಡು ವಾರದಲ್ಲಿ.

ವಿಷಯ ಸ್ಪಷ್ಟವಾಗಲು ಒಬ್ಬ ರೋಗಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗೋಣಿಕೊಪ್ಪ ಕಡೆಯವರು, ವಯಸ್ಸು ಐವತ್ತೈದರ ಮೇಲೆ, ಕಾಫಿ ತೋಟದ ಕೆಲಸ, ಬಹಳ ವರ್ಷದಿಂದ ಎಲೆಅಡಿಕೆ. ಎಡಕೆನ್ನೆಯ ಒಳಗೆ ಗಡ್ಡೆ ಇತ್ತು, ಆಪರೇಷನ್ ಆಗಿ ಮೂರು ವಾರವಾಗಿದೆ. ರೇಡಿಯೇಷನ್ ಡೋಸ್ ಅಳೆಯುವುದು ಗ್ರೇ ಎನ್ನುವ ಮಾನದಲ್ಲಿ. ಈಗ ದಿನಕ್ಕೆ 2 ಗ್ರೇ ಪ್ರಮಾಣದಂತೆ 30 ಸಲ, ಒಟ್ಟು 60 ಗ್ರೇ ಕೊಡಬೇಕು. ವಾರಕ್ಕೆ ಐದು ದಿನ, ಅಂದರೆ ಆರು ವಾರ. ಆ ಮೂವತ್ತೂ ದಿನ ಅವರ ತಲೆ, ದವಡೆ, ಕುತ್ತಿಗೆ ಮೊದಲ ದಿನ ಇದ್ದ ಜಾಗದಲ್ಲೇ, ಹೆಚ್ಚೆಂದರೆ 3 ಮಿ.ಮೀ. ವ್ಯತ್ಯಾಸದೊಳಗೆ ಇರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಕೆಲಸಕ್ಕಾಗಿ.

ಮಾಸ್ಕ್ ದಿನಕ್ಕೆ ಮೊದಲೇ ಮುಗಿಯಬೇಕಾದದ್ದು

ಮಾಸ್ಕ್ ಒಮ್ಮೆ ಮಾಡಿದ ಮೇಲೆ ಮುಖದ ಆಕಾರ ಬದಲಾಗಬಾರದು. ಮುಖದ ಆಕಾರ ಬದಲಿಸುವ ಎಲ್ಲವನ್ನೂ ಹಾಗಾಗಿ ಮೊದಲೇ ಮುಗಿಸಿಕೊಂಡು ಹೋಗಬೇಕು. ಇದನ್ನು ಬಿಟ್ಟವರು ಎರಡನೇ ಸಲ ಮಾಸ್ಕ್ ಮಾಡಿಸಲು ಘಟ್ಟ ಇಳಿಯಬೇಕಾಗುತ್ತದೆ, ಜೊತೆಗೆ ಒಂದು ವಾರವೂ ಕಳೆಯುತ್ತದೆ.

ಮೊದಲನೆಯದು ಹಲ್ಲು. ದವಡೆಗೆ ರೇಡಿಯೇಷನ್ ಬಿದ್ದ ಮೇಲೆ ಅಲ್ಲಿನ ಮೂಳೆಗೆ ರಕ್ತದ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕೀಳಿಸಿದರೆ ಆ ಗುಳಿ ಮಾಯದೆ ಮೂಳೆಯೇ ಸತ್ತುಹೋಗುವ ಅಪಾಯವಿದೆ, ಅದೂ ವರ್ಷಗಳ ನಂತರವೂ. ಹುಳುಕು ಹಲ್ಲು, ಅಲುಗಾಡುವ ಹಲ್ಲು ಇದ್ದರೆ ಚಿಕಿತ್ಸೆ ಶುರುವಾಗುವ ಕನಿಷ್ಠ ಎರಡು ವಾರ ಮೊದಲು ಕೀಳಿಸಿರಬೇಕು. ವಿರಾಜಪೇಟೆಯಲ್ಲೇ ಡೆಂಟಲ್ ಕಾಲೇಜು ಇರುವುದರಿಂದ ಇದಕ್ಕೆ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಹೋಗುವಾಗ ರೇಡಿಯೇಷನ್ ಡಾಕ್ಟರ ಚೀಟಿ ತೆಗೆದುಕೊಂಡು ಹೋಗಿ, ಯಾವ ಕಡೆಯ ದವಡೆಗೆ ಹೆಚ್ಚು ಡೋಸ್ ಬೀಳಲಿದೆ ಎನ್ನುವುದು ದಂತವೈದ್ಯರಿಗೆ ಗೊತ್ತಾಗಬೇಕು. ಹಲ್ಲು ಕಿತ್ತ ಮೂರನೇ ದಿನ, ಕೆನ್ನೆ ಊದಿಕೊಂಡಿರುವಾಗಲೇ ಮಾಸ್ಕ್ ಮಾಡಿಸಿದರೆ ಮುಂದಿನ ವಾರ ಊತ ಇಳಿದು ಮಾಸ್ಕ್ ಸಡಿಲವಾಗುತ್ತದೆ. ಆಪರೇಷನ್ ಊತಕ್ಕೂ ಇದೇ ಮಾತು. ಹಾಗೆಂದು ಊತ ಪೂರ್ತಿ ಇಳಿಯಲಿ ಎಂದು ಕಾಯುತ್ತ ಕೂರುವ ಹಾಗೂ ಇಲ್ಲ. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಿರಬೇಕು ಎನ್ನುವುದು ಗುರಿ. ನಮ್ಮ ಉದಾಹರಣೆಯವರಿಗೆ ಹೊಲಿಗೆ ಬಿಚ್ಚಿ ಗಾಯ ಒಣಗಿರುವ ನಾಲ್ಕನೇ ವಾರ ಮಾಸ್ಕ್‌ಗೆ ಸರಿಯಾದ ಸಮಯ.

ಎರಡನೆಯದು ಮೂಗಿನ ನಳಿಕೆ. ಊಟ ಇಳಿಯದವರಿಗೆ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕುತ್ತಾರೆ. ಬೇಕೇ ಬೇಕು ಎಂದು ಡಾಕ್ಟರಿಗೆ ಮೊದಲೇ ಅನ್ನಿಸಿದರೆ ಅದನ್ನು ಮಾಸ್ಕ್‌ಗೆ ಮುಂಚೆ ಹಾಕಿಸುವುದು ಒಳ್ಳೆಯದು. ಮಾಸ್ಕ್ ಆದ ಮೇಲೆ ಹಾಕಿದರೆ ಮೂಗಿನ ಹತ್ತಿರ ನಳಿಕೆಯನ್ನು ಮಾಸ್ಕ್ ಒತ್ತುತ್ತದೆ, ಅಲ್ಲಿ ಕತ್ತರಿಸಿ ಕಿಂಡಿ ಮಾಡಬೇಕಾಗುತ್ತದೆ, ಕತ್ತರಿಸಿದಷ್ಟೂ ಮಾಸ್ಕ್‌ನ ಬಿಗಿ ಹೋಗುತ್ತದೆ.

ಮೂರನೆಯದು ಕೂದಲು ಮತ್ತು ಗಡ್ಡ. ಗಡ್ಡವನ್ನು ಮಾಸ್ಕ್‌ನ ಹಿಂದಿನ ದಿನ ತೆಗೆಸಿ. ಬ್ಲೇಡು ಬೇಡ, ಟ್ರಿಮ್ಮರ್ ಸಾಕು. ಮುಂದಿನ ಆರು ವಾರ ಅದೇ ಉದ್ದದಲ್ಲಿ ಇಟ್ಟುಕೊಳ್ಳಬೇಕು. ಗಡ್ಡ ಇರುವಾಗ ಮಾಡಿದ ಮಾಸ್ಕ್ ಬೋಳಿಸಿದ ಮುಖಕ್ಕೆ ಸಡಿಲ. ಹೆಂಗಸರಾದರೆ ತುರುಬು, ದಪ್ಪ ಜಡೆ, ಕ್ಲಿಪ್ಪು ಯಾವುದೂ ತಲೆಯ ಕೆಳಗೆ ಬರಬಾರದು. ತುರುಬಿನ ಮೇಲೆ ತಲೆ ಇಟ್ಟರೆ ತಲೆ ಒಂದೆರಡು ಸೆಂ.ಮೀ. ಏಳುತ್ತದೆ, ನಾಳೆ ತುರುಬು ಬೇರೆ ಜಾಗದಲ್ಲಿ ಇರುತ್ತದೆ. ಕೂದಲು ಬಿಚ್ಚಿ ಒಂದು ಪಕ್ಕಕ್ಕೆ ಸರಿಸಿಕೊಳ್ಳುವುದೇ ಸುಲಭ, ಪ್ರತಿದಿನವೂ ಹಾಗೆಯೇ ಮಾಡಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ.

ಒಡವೆ ಎಲ್ಲ ಮನೆಯಲ್ಲಿರಲಿ. ಪತ್ತಾಕ್ ಆಗಲಿ, ಕರಿಮಣಿ ಆಗಲಿ, ಓಲೆ, ಮೂಗುತಿ ಆಗಲಿ, ಸ್ಕ್ಯಾನ್‌ನಲ್ಲಿ ಲೋಹದ ಸುತ್ತ ಬಿಳಿ-ಕಪ್ಪು ಗೀರುಗಳು ಬಂದು ಪಕ್ಕದ ಭಾಗ ಕಾಣದ ಹಾಗೆ ಮಾಡುತ್ತವೆ. ಮೂಗುತಿ ಬಿಗಿಯಾಗಿ ಕೂತಿದ್ದರೆ ಊರಲ್ಲೇ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿಕೊಂಡು ಹೋಗಿ. ತೆಗೆದಿಡಬಹುದಾದ ಹಲ್ಲುಸೆಟ್ಟಿನ ವಿಷಯ ಮುಂಚಿತವಾಗಿ ಹೇಳಿ. ಹಾಕಿಕೊಂಡೇ ಮಾಸ್ಕ್ ಮಾಡಿ, ಆಮೇಲೆ ತೆಗೆದಿಟ್ಟು ಮಲಗಿದರೆ ದವಡೆ ಮುಚ್ಚುವ ಮಟ್ಟ ಬದಲಾಗುತ್ತದೆ.

ಸ್ಕ್ಯಾನ್ ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳದಲ್ಲಿ ಕಾಂಟ್ರಾಸ್ಟ್ ಔಷಧ ಕೊಡುವುದಿದ್ದರೆ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಬೇಕು. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಮಾಡಿಸಿಕೊಂಡು ಹೋದರೆ ಅಲ್ಲಿ ಅರ್ಧ ದಿನ ಉಳಿಯುತ್ತದೆ. ಹಿಂದೆ ಇಂಥ ಇಂಜೆಕ್ಷನ್‌ಗೆ ಮೈ ತುರಿಕೆ, ಉಸಿರುಕಟ್ಟು ಆಗಿದ್ದರೆ ಹೇಳಲೇಬೇಕು. ಎಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಮೂರು-ನಾಲ್ಕು ಗಂಟೆ. ನಸುಕಿನಲ್ಲಿ ಬಸ್ಸು ಹತ್ತಿ ಖಾಲಿ ಹೊಟ್ಟೆಯಲ್ಲಿ ಹೋಗಿ, ಅಲ್ಲಿ ಸರದಿ ಮಧ್ಯಾಹ್ನಕ್ಕೆ ಬಂದರೆ ಸಕ್ಕರೆ ಕಾಯಿಲೆಯವರಿಗೆ ತಲೆ ತಿರುಗುತ್ತದೆ. ಅವರು ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳುವುದು ಲೇಸು. ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ.

ಮಾಸ್ಕ್ ಮಾಡುವ ಅರ್ಧ ಗಂಟೆ

ಮಾಸ್ಕ್ ಎಂದರೆ ತೂತುತೂತಾದ ಒಂದು ಪ್ಲಾಸ್ಟಿಕ್ ಹಾಳೆ, ದಪ್ಪ ಎರಡು-ಮೂರು ಮಿ.ಮೀ. ತಣ್ಣಗಿರುವಾಗ ಹಲಗೆಯ ಹಾಗೆ ಗಟ್ಟಿ. 70 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿನೀರಿನ ತೊಟ್ಟಿಯಲ್ಲಿ ಕೆಲವು ನಿಮಿಷ ಮುಳುಗಿಸಿದರೆ ಮೆತ್ತಗಾಗಿ, ಬೇಕಾದಂತೆ ಎಳೆಯಲು ಬರುತ್ತದೆ. ಬಿಳಿ ಹಾಳೆಯಾದರೆ ಗಾಜಿನ ಹಾಗೆ ಪಾರದರ್ಶಕವಾದಾಗ ಹದ ಬಂದಿದೆ ಎಂದರ್ಥ. ನಡುವೆ ಬಿಳಿ ತೇಪೆ ಉಳಿದಿದ್ದರೆ ಆ ಜಾಗ ಮೂಗಿನ ಮೇಲೆ ಸರಿಯಾಗಿ ಕೂರುವುದಿಲ್ಲ.

ಅದಕ್ಕೆ ಮುಂಚೆ ರೋಗಿಯನ್ನು ಸಮತಟ್ಟಾದ ಗಟ್ಟಿ ಟೇಬಲ್ಲಿನ ಮೇಲೆ ಅಂಗಾತ ಮಲಗಿಸುತ್ತಾರೆ. ಚಿಕಿತ್ಸೆಯ ಟೇಬಲ್ಲೂ ಅಷ್ಟೇ ಗಟ್ಟಿ, ಹಾಸಿಗೆ ಇರುವುದಿಲ್ಲ. ತಲೆಯ ಕೆಳಗೆ ಒಂದು ಬೇಸ್‌ಪ್ಲೇಟ್, ಅದರ ಮೇಲೆ ಕುತ್ತಿಗೆಯ ಬಾಗಿಗೆ ಹೊಂದುವ ಹೆಡ್‌ರೆಸ್ಟ್. ಹೆಡ್‌ರೆಸ್ಟ್‌ಗಳು ಬೇರೆಬೇರೆ ಎತ್ತರದವು, ಎ, ಬಿ, ಸಿ ಎಂದು ಅಕ್ಷರ ಕೊಟ್ಟಿರುತ್ತಾರೆ. ಗದ್ದ ಎಷ್ಟು ಮೇಲೇಳಬೇಕು ಎನ್ನುವುದರ ಮೇಲೆ ಆಯ್ಕೆ. ಯಾವ ಅಕ್ಷರ ಎನ್ನುವುದನ್ನು ಫೈಲಿನಲ್ಲಿ ಬರೆಯುತ್ತಾರೆ, ಮಾಸ್ಕ್‌ನ ಮೇಲೂ ಬರೆಯಬೇಕು. ಸ್ಕ್ಯಾನ್‌ನಲ್ಲಿ ಸಿ ಇಟ್ಟು, ಚಿಕಿತ್ಸೆಯಲ್ಲಿ ಬಿ ಇಟ್ಟರೆ ಮಾಸ್ಕ್ ಹೇಗೋ ಕೂರುತ್ತದೆ, ಆದರೆ ಒಳಗೆ ಗದ್ದ ಇಳಿದು ಕುತ್ತಿಗೆಯ ಮೂಳೆಯ ಬಾಗು ಬದಲಾಗಿರುತ್ತದೆ. ರೋಗಿಗೂ ಇದು ಗೊತ್ತಾಗುತ್ತದೆ: ದಿನವೂ ಗದ್ದಕ್ಕೆ ತಾಗುತ್ತಿದ್ದ ಮಾಸ್ಕ್ ಇವತ್ತು ಹಣೆಯನ್ನು ಒತ್ತುತ್ತದೆ. ಹಾಗನ್ನಿಸಿದರೆ ಮಾಸ್ಕ್ ಬಿಗಿಯುವ ಹೊತ್ತಿಗೇ ಕೈ ಎತ್ತಿ ಹೇಳಿ.

ಕೆನ್ನೆಯ ಕ್ಯಾನ್ಸರ್ ಆದವರಿಗೆ ಬಾಯಿಯಲ್ಲಿ ಕಚ್ಚಿಕೊಳ್ಳಲು ಏನಾದರೂ ಕೊಡುವುದುಂಟು. ಹಲವು ಕಡೆ ತುದಿ ಕತ್ತರಿಸಿದ ಪ್ಲಾಸ್ಟಿಕ್ ಸಿರಿಂಜನ್ನೇ ಕೊಡುತ್ತಾರೆ. ನಾಲಿಗೆಯೂ ಮೇಲಿನ ಅಂಗುಳವೂ ದೂರ ಸರಿದರೆ ಬೇಡದ ಕಡೆ ಡೋಸ್ ತಗ್ಗಿಸಬಹುದು. ಇಲ್ಲಿ ಎಲೆಅಡಿಕೆ ಹಾಕುವವರದ್ದೇ ಒಂದು ಕಷ್ಟ ಇದೆ. ಅಡಿಕೆಯಿಂದ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ, ಆಪರೇಷನ್ ಆದ ಮೇಲೆ ಇನ್ನೂ ಬಿಗಿ. ಮಾಸ್ಕ್ ದಿನ ಹಲ್ಲು ಕಚ್ಚಿ ದಪ್ಪ ಸಿರಿಂಜು ತುರುಕಿಕೊಂಡರೂ ಮೂರನೇ ವಾರ ಬಾಯಿ ಹುಣ್ಣಾದಾಗ ಅದನ್ನು ಕಚ್ಚಲು ಆಗುವುದಿಲ್ಲ. ಅದಿಲ್ಲದೆ ಮಲಗಿದರೆ ಕೆಳದವಡೆ ಬೇರೆ ಜಾಗದಲ್ಲಿರುತ್ತದೆ, ಪ್ಲಾನ್ ಕೆಡುತ್ತದೆ. ಧೈರ್ಯ ತೋರಿಸಲು ಹೋಗದೆ ನೋವಿಲ್ಲದೆ ಐದು ನಿಮಿಷ ಕಚ್ಚಿಕೊಳ್ಳಲು ಆಗುವ ದಪ್ಪವನ್ನೇ ಕೇಳಿ. ಎಳೆದು ಕಚ್ಚಿಕೊಂಡ ದಪ್ಪ ಸಿರಿಂಜಿಗಿಂತ ಮೂವತ್ತು ದಿನವೂ ನಿಲ್ಲುವ ತೆಳು ಸಿರಿಂಜು ಎಷ್ಟೋ ಮೇಲು.

ಹಾಳೆಯನ್ನು ತೊಟ್ಟಿಯಿಂದ ತೆಗೆದು, ಟವೆಲ್ಲಿನಲ್ಲಿ ನೀರು ಒತ್ತಿ ತೆಗೆದು, ಇಬ್ಬರು ಎರಡು ಕಡೆ ಹಿಡಿದು ಮುಖದ ಮೇಲೆ ಎಳೆದು ಬೇಸ್‌ಪ್ಲೇಟಿಗೆ ಕ್ಲಿಪ್ ಹಾಕುತ್ತಾರೆ. ಬಿಸಿ ಬಟ್ಟೆ ಮುಖಕ್ಕೆ ಹಾಕಿದಂತೆ ಅನ್ನಿಸುತ್ತದೆ, ಸುಡುವುದಿಲ್ಲ. ಸುಟ್ಟಂತೆ ಅನ್ನಿಸಿದರೆ ನೀರು ಸರಿಯಾಗಿ ಒರೆಸಿಲ್ಲ ಎಂದರ್ಥ, ಹೇಳಿಬಿಡಿ. ತೂತುಗಳಿಂದ ಉಸಿರಾಟಕ್ಕೆ ಅಡ್ಡಿ ಇಲ್ಲ. ಟೆಕ್ನಾಲಜಿಸ್ಟ್ ಬೆರಳಿನಿಂದ ಮೂಗಿನ ದಿಂಡು, ಹಣೆ, ಗದ್ದದ ಕೆಳಗೆ ಒತ್ತಿ ಕೂರಿಸುತ್ತಾರೆ. ಈ ಮೂರು ಕಡೆ ಬಿಗಿಯಿದ್ದರೆ ತಲೆ ತಿರುಗದು, ವಾಲದು. ಆ ಹೊತ್ತಿನಲ್ಲಿ ಮಾತಾಡಬೇಡಿ, ನಗಬೇಡಿ, ಹಲ್ಲು ಗಟ್ಟಿಯಾಗಿ ಕಚ್ಚಬೇಡಿ. ಸಹಜವಾಗಿ ಮಲಗಿ, ಎಂಜಲು ಬಂದರೆ ಮೆಲ್ಲಗೆ ನುಂಗಿ. ಭುಜ ಕೆಳಗೆ ಇಳಿಬಿಟ್ಟಿರಲಿ. ಹೆದರಿ ಭುಜ ಏರಿಸಿಕೊಂಡ ಭಂಗಿಯಲ್ಲೇ ಮಾಸ್ಕ್ ಆದರೆ, ಹೆದರಿಕೆ ಹೋದ ಮೇಲೆ ಭುಜ ಇಳಿದು ಕುತ್ತಿಗೆಯ ಕೆಳಭಾಗ ಸರಿಯುತ್ತದೆ.

ಹಾಳೆ ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ತಣಿಯುತ್ತ ಅದು ಸ್ವಲ್ಪ ಕುಗ್ಗುತ್ತದೆ. ಬೇಗ ಬಿಚ್ಚಿಬಿಟ್ಟರೆ ಮುಖ ಇಲ್ಲದೆ ಕುಗ್ಗಿ ಮರುದಿನ ಬಿಗಿಯಾಗಿ ಕೆನ್ನೆಗೆ ಚೌಕದ ಅಚ್ಚು ಬೀಳುತ್ತದೆ. ಸರದಿ ಎಷ್ಟೇ ಉದ್ದವಿರಲಿ, ಪೂರ್ತಿ ತಣಿಯುವ ತನಕ ಮುಖದ ಮೇಲೇ ಇರಬೇಕು. ಈ ಹೆಚ್ಚಿನ ಐದು ನಿಮಿಷ ಮಲಗಿರುವುದಕ್ಕೆ ರೋಗಿ ಬೇಸರಿಸಬಾರದು, ಸಿಬ್ಬಂದಿಯೂ ಅವಸರ ಮಾಡಬಾರದು.

ಮುಚ್ಚಿದ ಜಾಗಕ್ಕೆ ಹೆದರುವವರು ಮೊದಲೇ ಹೇಳಿದರೆ ಕಣ್ಣಿನ ಜಾಗ ಕತ್ತರಿಸಿ ಕೊಡಲು ಬರುತ್ತದೆ, ಅದರಿಂದ ಬಿಗಿ ಹೆಚ್ಚು ಕೆಡುವುದಿಲ್ಲ. ಮಾಸ್ಕ್ ಒಳಗಿರುವಾಗ ಮಾತು ಆಡಲಾಗದು, ಹಾಗಾಗಿ ಕೈ ಎತ್ತಿದರೆ ನಿಲ್ಲಿಸಬೇಕು ಎಂದು ಮಾತಾಡಿಕೊಂಡಿರಿ. ಹೊರಗಿನ ಟಿವಿಯಲ್ಲಿ ನೋಡುತ್ತಲೇ ಇರುತ್ತಾರೆ. ಮಳೆಗಾಲದ ಶೀತದಲ್ಲಿ ಮೂಗು ಕಟ್ಟಿದ್ದರೆ ಅವತ್ತು ಮಾಸ್ಕ್ ಮಾಡುವ ಮುಂಚೆ ತಿಳಿಸಿ.

ಪ್ಲಾನಿಂಗ್ ಸ್ಕ್ಯಾನ್

ಮಾಸ್ಕ್ ಹಾಕಿಕೊಂಡೇ ಸಿ.ಟಿ. ಸ್ಕ್ಯಾನ್. ಗಡ್ಡೆ ಇದೆಯೇ ಇಲ್ಲವೇ ನೋಡಲು ಹಿಂದೆ ಮಾಡಿಸಿದ ಸ್ಕ್ಯಾನ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಟೇಬಲ್ಲು ಬಾಗಿದ್ದು, ತಲೆ ಬೇರೆ ರೀತಿಯಲ್ಲಿತ್ತು. ಹಳೆಯ ಸ್ಕ್ಯಾನ್, ಎಂ.ಆರ್.ಐ. ಸಿ.ಡಿ.ಗಳನ್ನು ಮಾತ್ರ ಮರೆಯದೆ ಒಯ್ಯಿರಿ. ಆಪರೇಷನ್‌ಗೆ ಮುಂಚೆ ಗಡ್ಡೆ ಎಲ್ಲಿತ್ತು ಎಂದು ಈಗಿನ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ, ಹಳೆಯದರಲ್ಲಷ್ಟೇ ಕಾಣುತ್ತದೆ. ಫಿಲ್ಮ್ ಸಾಲದು, ಸಿ.ಡಿ. ಬೇಕು, ಆಪರೇಷನ್ ನೋಟ್ಸ್ ಮತ್ತು ಬಯಾಪ್ಸಿ ರಿಪೋರ್ಟ್ ಕೂಡ.

ಕೋಣೆಯ ಗೋಡೆಗಳಿಂದ, ಚಾವಣಿಯಿಂದ ಲೇಸರ್ ಗೆರೆಗಳು ಬಂದು ಮಾಸ್ಕ್‌ನ ಮೇಲೆ ಬೀಳುತ್ತವೆ. ಮುಂದೆ ಒಂದು, ಎಡ-ಬಲಕ್ಕೆ ಒಂದೊಂದು, ಹೀಗೆ ಮೂರು ಕಡೆ ಗೆರೆಗಳು ಕೂಡುವಲ್ಲಿ ಬಿಳಿ ಟೇಪು ಅಂಟಿಸಿ, ಪೆನ್ನಿನಲ್ಲಿ ಕೂಡುಗೆರೆ ಎಳೆದು, ಅದರ ನಡುವೆ ಸಾಸಿವೆ ಕಾಳಿನಷ್ಟು ಸಣ್ಣ ಲೋಹದ ಗುಂಡು ಇಡುತ್ತಾರೆ. ಸ್ಕ್ಯಾನ್‌ನಲ್ಲಿ ಈ ಮೂರು ಗುಂಡುಗಳು ಬಿಳಿ ಚುಕ್ಕೆಗಳಾಗಿ ಒಂದೇ ಚಿತ್ರದಲ್ಲಿ ಕಾಣಬೇಕು. ಒಂದು ಗುಂಡು ಪಕ್ಕದ ಚಿತ್ರದಲ್ಲಿ ಕಂಡರೆ ರೋಗಿ ಓರೆಯಾಗಿ ಮಲಗಿದ್ದಾರೆ ಅಥವಾ ಗುಂಡು ಸರಿದಿದೆ, ಮತ್ತೆ ಇಟ್ಟು ನೋಡಬೇಕು. ಈ ಮೂರರಿಂದ ಸಿಗುವ ಬಿಂದುವೇ ಮುಂದಿನ ಎಲ್ಲ ಅಳತೆಗೆ ಮೂಲ.

ಆಪರೇಷನ್ ಗಾಯದ ಗೆರೆಯ ಮೇಲೆ ತೆಳು ತಂತಿ ಅಂಟಿಸುವುದೂ ಉಂಟು, ಸ್ಕ್ಯಾನ್‌ನಲ್ಲಿ ಗಾಯ ಎಲ್ಲಿಯವರೆಗೆ ಇದೆ ಎಂದು ಡಾಕ್ಟರಿಗೆ ಕಾಣಲಿ ಎಂದು. ತಲೆಯಿಂದ ಎದೆಯ ಮೇಲ್ಭಾಗದವರೆಗೆ ಸುಮಾರು 3 ಮಿ.ಮೀ. ಅಂತರದಲ್ಲಿ ಚಿತ್ರ ತೆಗೆಯುತ್ತಾರೆ. ಸ್ಕ್ಯಾನ್ ಓಡುವುದು ಒಂದೆರಡು ನಿಮಿಷ. ಕಾಂಟ್ರಾಸ್ಟ್ ಹೋಗುವಾಗ ಮೈ ಬಿಸಿಯಾಗುತ್ತದೆ, ಗಾಬರಿಯಾಗಿ ಎದೆ ಎತ್ತಬಾರದು.

ನಡುವಿನ ವಾರದಲ್ಲಿ ಏನಾಗುತ್ತದೆ

ಡಾಕ್ಟರು ಪ್ರತಿ ಚಿತ್ರದಲ್ಲೂ ಡೋಸ್ ಬೀಳಬೇಕಾದ ಜಾಗವನ್ನೂ ಉಳಿಸಬೇಕಾದ ಅಂಗಗಳನ್ನೂ ಗೆರೆ ಎಳೆದು ಗುರುತಿಸುತ್ತಾರೆ. ದಿನದಿನದ ಸಣ್ಣ ಅಲುಗಾಟಕ್ಕೆಂದು ಸುತ್ತ 3ರಿಂದ 5 ಮಿ.ಮೀ. ಅಂಚು ಬಿಡುತ್ತಾರೆ. ಮಾಸ್ಕ್ ಚೆನ್ನಾಗಿದ್ದಷ್ಟೂ ಈ ಅಂಚು ಕಿರಿದಾಗಿರಬಹುದು. ಬೆನ್ನುಹುರಿಗೆ 45 ಗ್ರೇ ದಾಟದಂತೆ, ಎಂಜಲು ಸುರಿಸುವ ಕಿವಿಯ ಕೆಳಗಿನ ಗ್ರಂಥಿಗೆ ಸರಾಸರಿ 26 ಗ್ರೇ ಒಳಗೆ ಇರುವಂತೆ ಮೆಡಿಕಲ್ ಫಿಸಿಸಿಸ್ಟ್ ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ರೋಗಿ ಇಲ್ಲದೆ ಯಂತ್ರದಲ್ಲಿ ಓಡಿಸಿ ಅಳೆದು ನೋಡುತ್ತಾರೆ. ವಾರ ಹಿಡಿಯುವುದು ಇದಕ್ಕೆ. ಮಾಸ್ಕ್ ಆಸ್ಪತ್ರೆಯಲ್ಲೇ ಇರುತ್ತದೆ.

ಈ ವಾರದಲ್ಲಿ ಮನೆಯವರು ಮಾಡಬೇಕಾದದ್ದು ಎರಡು. ಒಂದು, ರೋಗಿಯ ತೂಕ ಇಳಿಯದಂತೆ ನೋಡಿಕೊಳ್ಳುವುದು. ಇನ್ನೊಂದು, ಆರು ವಾರಕ್ಕೆ ವಾಸ್ತವ್ಯದ ಏರ್ಪಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಂದ ದಿನವೂ ಓಡಾಡುವ ಲೆಕ್ಕ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್‌ನ ಮಳೆಯಲ್ಲಿ ಮಡಿಕೇರಿ-ಸಂಪಾಜೆ ರಸ್ತೆ ಕುಸಿದು ಮಂಗಳೂರು ಕಡೆಯ ದಾರಿ ಮುಚ್ಚಿಹೋಗಿದ್ದು ಎಲ್ಲರಿಗೂ ನೆನಪಿದೆ. ಈ ಜಾತಿಯ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ನಡುವೆ ನಿಂತ ದಿನಗಳಲ್ಲಿ ಉಳಿದ ಜೀವಕೋಶಗಳು ಬೇಗ ಹೆಚ್ಚುತ್ತವೆ, ಕೊನೆಯಲ್ಲಿ ಸೇರಿಸಿ ಕೊಟ್ಟರೂ ನಷ್ಟ ಪೂರ್ತಿ ತುಂಬುವುದಿಲ್ಲ.

ಮೊದಲ ದಿನ: ಗುರುತು ಹೊಸ ಜಾಗಕ್ಕೆ

ಮೊದಲ ದಿನ ಮೂವತ್ತು-ನಲವತ್ತು ನಿಮಿಷ ಮಲಗಬೇಕು, ಆಮೇಲಿನ ದಿನಗಳಲ್ಲಿ ಹತ್ತು-ಹದಿನೈದು. ಮೊದಲು ಸ್ಕ್ಯಾನ್ ದಿನದ ಮೂರು ಕೂಡುಗೆರೆಗಳ ಮೇಲೆ ಲೇಸರ್ ಹೊಂದಿಸುತ್ತಾರೆ. ಆದರೆ ಯಂತ್ರ ಯಾವ ಬಿಂದುವಿನ ಸುತ್ತ ತಿರುಗಬೇಕೋ ಆ ಐಸೋಸೆಂಟರ್ ಬೇರೆ ಕಡೆ ಇರುತ್ತದೆ, ಏಕೆಂದರೆ ಅದನ್ನು ಆರಿಸಿದ್ದು ಲೆಕ್ಕ ಹಾಕುವಾಗ. ನಮ್ಮ ಉದಾಹರಣೆಯವರ ಪ್ಲಾನ್ ಹಾಳೆಯಲ್ಲಿ, ಗುಂಡುಗಳ ಬಿಂದುವಿನಿಂದ ರೋಗಿಯ ಎಡಕ್ಕೆ 1.5, ಕಾಲಿನ ಕಡೆಗೆ 2, ಮುಖದ ಕಡೆಗೆ ಅಂದರೆ ಮೇಲಕ್ಕೆ 1 ಸೆಂ.ಮೀ. ಎಂದಿದೆ ಎಂದುಕೊಳ್ಳಿ.

ಲೇಸರ್ ಅಲುಗಾಡುವುದಿಲ್ಲ, ಟೇಬಲ್ ಸರಿಯುತ್ತದೆ. ಹಾಗಾಗಿ ದಿಕ್ಕೆಲ್ಲ ತಿರುವುಮುರುವು. ಎಡಗಡೆಯ ಬಿಂದು ಲೇಸರ್‌ಗೆ ಬರಬೇಕಾದರೆ ಟೇಬಲ್ ರೋಗಿಯ ಬಲಕ್ಕೆ ಸರಿಯಬೇಕು. ಕಾಲಿನ ಕಡೆಯ ಬಿಂದುವಿಗೆ ಟೇಬಲ್ ಯಂತ್ರದ ಒಳಕ್ಕೆ ಹೋಗಬೇಕು. ಮೇಲಿನ ಬಿಂದುವಿಗೆ ಟೇಬಲ್ ಇಳಿಯಬೇಕು. ತಪ್ಪಾಗುವುದು ಬಹಳ ಸಲ ಇಲ್ಲೇ. ಟೇಬಲ್ 1 ಸೆಂ.ಮೀ. ಇಳಿಯುವ ಬದಲು 1 ಸೆಂ.ಮೀ. ಏರಿದರೆ ತಪ್ಪು ಒಂದಲ್ಲ, ಎರಡು ಸೆಂ.ಮೀ.

ಅದನ್ನು ಹಿಡಿಯುವ ದಾರಿ ಹೀಗೆ. ಯಂತ್ರದಲ್ಲಿ ಕಿರಣ ಹೊರಡುವ ಜಾಗದಿಂದ ಐಸೋಸೆಂಟರ್‌ಗೆ ದೂರ 100 ಸೆಂ.ಮೀ. ಗದ್ದದ ಮೇಲಿನ ಮಟ್ಟದಿಂದ ಐಸೋಸೆಂಟರ್ 6.4 ಸೆಂ.ಮೀ. ಆಳದಲ್ಲಿದೆ ಎಂದು ಪ್ಲಾನ್ ಹೇಳುತ್ತದೆ. ಹಾಗಾದರೆ ಯಂತ್ರವನ್ನು ನೇರ ಮೇಲೆ ನಿಲ್ಲಿಸಿ, ಅದು ಬೆಳಕಿನಲ್ಲಿ ಮೂಡಿಸುವ ದೂರದ ಅಂಕೆ ಓದಿದರೆ 93.6 ಬರಬೇಕು. ಮಾಸ್ಕ್‌ನ ದಪ್ಪದಿಂದ ಎರಡು-ಮೂರು ಮಿ.ಮೀ. ವ್ಯತ್ಯಾಸ ಇರುತ್ತದೆ. ಆದರೆ 91.6 ಬಂದರೆ ಟೇಬಲ್ ಎರಡು ಸೆಂ.ಮೀ. ಮೇಲಿದೆ, ಇಳಿಸಬೇಕಾದ್ದನ್ನು ಏರಿಸಿದ್ದಾರೆ. ಒಬ್ಬರು ಸರಿಸಿ, ಇನ್ನೊಬ್ಬರು ಹಾಳೆ ನೋಡಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇರುವುದು ಇದಕ್ಕಾಗಿಯೇ.

ನಂತರ ಯಂತ್ರದಲ್ಲೇ ಎಕ್ಸ್-ರೇ ಅಥವಾ ಸಣ್ಣ ಸಿ.ಟಿ. ತೆಗೆದು ಕುತ್ತಿಗೆಯ ಮೂಳೆ, ದವಡೆ ಮೂಳೆಗಳನ್ನು ಪ್ಲಾನಿನ ಚಿತ್ರದ ಮೇಲೆ ಕೂರಿಸಿ ನೋಡುತ್ತಾರೆ. ಸ್ವಲ್ಪ ಹೊಂದದಿದ್ದರೆ ಟೇಬಲ್ ಸರಿಸಿ ಸರಿಪಡಿಸಬಹುದು. ಮೂಳೆ ತಿರುಗಿದ್ದರೆ ಅಥವಾ ದವಡೆ ಹೊಂದಿ ಕುತ್ತಿಗೆ ಹೊಂದದಿದ್ದರೆ ಟೇಬಲ್ ಸರಿಸಿ ಪ್ರಯೋಜನವಿಲ್ಲ. ಮಾಸ್ಕ್ ಬಿಚ್ಚಿ ಹೊಸದಾಗಿ ಮಲಗಿಸಬೇಕು. ಎಲ್ಲ ಸರಿಯಾದ ಮೇಲೆ ಹೊಸ ಜಾಗದಲ್ಲಿ ಹೊಸ ಕೂಡುಗೆರೆ ಬರೆಯುತ್ತಾರೆ. ಸ್ಕ್ಯಾನ್ ದಿನದ ಗೆರೆಯನ್ನು ಬೇರೆ ಬಣ್ಣದಲ್ಲಿ ಬಿಡಬೇಕು ಅಥವಾ ಟೇಪು ಕಿತ್ತುಹಾಕಬೇಕು. ಒಂದೇ ಬಣ್ಣದಲ್ಲಿ ಎರಡು ಗೆರೆ ಇದ್ದರೆ ಸಿಬ್ಬಂದಿ ಬದಲಾದ ದಿನ ಹಳೆಯದಕ್ಕೆ ಹೊಂದಿಸುವ ಸಾಧ್ಯತೆ ಇದೆ.

ಚರ್ಮದ ಮೇಲಿನ ಗುರುತು

ಮಾಸ್ಕ್ ಇರುವಾಗ ಚರ್ಮಕ್ಕೆ ಯಾಕೆ ಬರೆಯಬೇಕು ಎಂದು ಕೇಳುತ್ತಾರೆ. ಗಿಡ್ಡ ಮಾಸ್ಕ್ ಕೊರಳೆಲುಬಿನ ಹತ್ತಿರ ಮುಗಿಯುತ್ತದೆ, ಅದರಿಂದ ಕೆಳಗೆ ಎದೆ ಹಿಡಿತದಲ್ಲಿರುವುದಿಲ್ಲ. ತಲೆ ನೇರವಿದ್ದು ಸೊಂಟ ಒಂದು ಪಕ್ಕಕ್ಕೆ ಸರಿದಿದ್ದರೆ ಕುತ್ತಿಗೆಯ ಕೆಳಭಾಗ ಬಾಗುತ್ತದೆ. ಅದಕ್ಕೆ ಎದೆಯ ನಡುವೆ ಲೇಸರ್ ಬೀಳುವ ನೇರಕ್ಕೆ ಕೆಲವು ಸೆಂ.ಮೀ. ಉದ್ದದ ಗೆರೆ ಎಳೆಯುತ್ತಾರೆ. ದಿನವೂ ಲೇಸರ್ ಈ ಗೆರೆಯ ಮೇಲೆ ಬೀಳುವಂತೆ ರೋಗಿಯನ್ನು ನೇರ ಮಾಡಿ, ಆಮೇಲೆ ಮಾಸ್ಕ್ ಹಾಕಬೇಕು.

ಸ್ತನದ ಕ್ಯಾನ್ಸರ್‌ನಂಥ ಕಡೆ ಮಾಸ್ಕ್ ಇರುವುದಿಲ್ಲ, ಎಲ್ಲವೂ ಚರ್ಮದ ಗುರುತಿನ ಮೇಲೆ ನಿಂತಿರುತ್ತದೆ. ಕೈ ತಲೆಯ ಮೇಲಕ್ಕೆ ಎತ್ತಿಸಿ ಇಳಿಜಾರು ಹಲಗೆಯ ಮೇಲೆ ಮಲಗಿಸಿ, ಡಾಕ್ಟರು ಕೈಯಿಂದ ಮುಟ್ಟಿ ಅಂಚು ನೋಡುತ್ತಾರೆ: ಒಳಗಡೆ ಎದೆಮೂಳೆಯ ನಡುಗೆರೆ, ಹೊರಗಡೆ ಕಂಕುಳ ನಡುವಿನಿಂದ ಇಳಿಯುವ ಗೆರೆ, ಕೆಳಗೆ ಸ್ತನದ ಮಡಿಕೆಗಿಂತ ಒಂದೆರಡು ಸೆಂ.ಮೀ. ಕೆಳಗೆ. ಆ ಅಂಚಿಗೆ ತಂತಿ ಅಂಟಿಸಿ ಸ್ಕ್ಯಾನ್. ಪ್ಲಾನ್ ಮುಗಿದು ಮೊದಲ ದಿನ ಯಂತ್ರದ ಬೆಳಕು ಚರ್ಮದ ಮೇಲೆ ಬೀಳಿಸಿದಾಗ ಕಾಣುವ ಚೌಕದ ಅಂಚನ್ನು ಪೆನ್ನಿನಲ್ಲಿ ಎಳೆಯುತ್ತಾರೆ.

ಗೆರೆ ಎಳೆಯುವ ಮುಂಚೆ ಚರ್ಮ ಒಣಗಿರಬೇಕು, ಎಣ್ಣೆ ಇದ್ದರೆ ಸ್ಪಿರಿಟ್‌ನಲ್ಲಿ ಒರೆಸಬೇಕು. ರೋಗಿ ಆರಾಮಾಗಿ ಉಸಿರಾಡುತ್ತಿರಬೇಕು. ಬರೆಯುವವರ ಅಂಗೈ ಚರ್ಮವನ್ನು ಎಳೆಯಬಾರದು. ಎಳೆದು ಬರೆದರೆ ಕೈ ಬಿಟ್ಟ ಕೂಡಲೇ ಗೆರೆ ಹಿಂದಕ್ಕೆ ಜಾರುತ್ತದೆ. ಮುಖ್ಯ ಬಿಂದುಗಳಲ್ಲಿ ಕೆಲವು ಕಡೆ ಹೊಸ ಸೂಜಿಯಿಂದ ಇಂಕಿನ ಸಣ್ಣ ಹಚ್ಚೆ ಚುಕ್ಕೆ ಇಡುತ್ತಾರೆ, ಒಂದೆರಡು ಮಿ.ಮೀ. ಅಷ್ಟೇ, ಅದು ಅಳಿಸುವುದಿಲ್ಲ. ಹಚ್ಚೆ ಬೇಡ ಎಂದರೆ ಗುರುತಿನ ಮೇಲೆ ಪಾರದರ್ಶಕ ಪಟ್ಟಿ ಅಂಟಿಸಬಹುದು.

ಕೊಡಗಿನ ಮಳೆಗಾಲದಲ್ಲಿ ಗುರುತು ಉಳಿಸಿಕೊಳ್ಳುವುದೇ ಒಂದು ಕೆಲಸ. ಒದ್ದೆ ಸ್ವೆಟರ್, ಬೆವರು ಹಿಡಿಯುವ ರೇನ್‌ಕೋಟ್ ಕಾಲರ್ ಕೊರಳಿಗೆ ಉಜ್ಜಿದರೆ ಎರಡು ದಿನದಲ್ಲಿ ಗೆರೆ ಹೋಗುತ್ತದೆ. ಕಾಲರ್ ಇಲ್ಲದ ಹಳೆಯ ಹತ್ತಿ ಬಟ್ಟೆ ಒಳಗೆ ಹಾಕಿ. ಉಗುರುಬೆಚ್ಚಗಿನ ನೀರು ಹರಿಯಬಿಡಿ, ಗುರುತಿನ ಮೇಲೆ ಸೋಪು, ಎಣ್ಣೆ, ಅರಿಶಿನ ಬೇಡ, ಟವೆಲ್ ಒತ್ತಿ ಒಣಗಿಸಿ, ತಿಕ್ಕಬೇಡಿ.

ಶನಿವಾರ-ಭಾನುವಾರ ಊರಿಗೆ ಬಂದಾಗ ಗೆರೆ ಮಸುಕಾಯಿತೆಂದು ಮನೆಯಲ್ಲಿ ಪೆನ್ನಿನಿಂದ ತಿದ್ದುವವರಿದ್ದಾರೆ. ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ, ಆದರೆ ಇದನ್ನು ಖಂಡಿತ ಮಾಡಬಾರದು. ಚರ್ಮ ಮೂಳೆಯ ಮೇಲೆ ಸರಿದಾಡುತ್ತದೆ. ಕೈ ಎತ್ತಿ ಮಲಗಿದಾಗ ಬರೆದ ಗೆರೆ, ಕೈ ಇಳಿಸಿ ನಿಂತಾಗ ಒಂದು ಸೆಂ.ಮೀ.ಗಿಂತ ಹೆಚ್ಚು ಬೇರೆ ಕಡೆ ಹೋಗಿರಬಹುದು, ನೇರವಿದ್ದದ್ದು ಡೊಂಕಾಗಿ ಕಾಣುತ್ತದೆ. ಅದನ್ನು ನೇರ ಮಾಡಿ ತಿದ್ದಿದರೆ ಸೋಮವಾರ ಬೆಳಿಗ್ಗೆ ಸಿಬ್ಬಂದಿಗೆ ಸಿಗುವುದು ತಪ್ಪು ಗೆರೆ, ಅದೂ ಚೆನ್ನಾಗಿ ಎದ್ದು ಕಾಣುವ ಗೆರೆ. ಮಸುಕಾದದ್ದನ್ನು ಹಾಗೇ ಬಿಟ್ಟು, ಮಲಗುವ ಮುಂಚೆ ಹೇಳಿ. ಪೂರ್ತಿ ಹೋಗಿದ್ದರೂ ಚಿತ್ರ ತೆಗೆದು ಮತ್ತೆ ಬರೆಯಬಹುದು.

ಮಾಸ್ಕ್ ಸಡಿಲವಾದರೆ

ಮೂರನೇ ವಾರದಿಂದ ಬಾಯಿ ಹುಣ್ಣಾಗಿ ಊಟ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ, ಆಪರೇಷನ್ ಊತವೂ ಇಳಿಯುತ್ತದೆ. ಮಾಸ್ಕ್ ಹಾಕಿ ಎಲ್ಲ ಕ್ಲಿಪ್ ಬಿಗಿದ ಮೇಲೂ ಗದ್ದವನ್ನು ಎಡ-ಬಲಕ್ಕೆ ಅಲುಗಾಡಿಸಲು ಆದರೆ, ಮಾಸ್ಕ್‌ನ ಗದ್ದದ ಕೆಳಗೆ ಬೆರಳು ಸಲೀಸಾಗಿ ಹೋದರೆ ಅದು ಸಡಿಲ. ರೋಗಿಗೇ ಇದು ಮೊದಲು ತಿಳಿಯುವುದು. ಆರಾಮವಾಯಿತು ಎಂದು ಸುಮ್ಮನಿರದೆ ಹೇಳಬೇಕು. ಉಲ್ಟಾ ಆದರೂ ಹೇಳಬೇಕು: ಮುಖ ಊದಿ ಮಾಸ್ಕ್ ನೋಯಿಸುವಷ್ಟು ಬಿಗಿಯಾದರೆ ಕ್ಲಿಪ್ ಕೂರಿಸುವ ಅವಸರದಲ್ಲಿ ಗದ್ದ ಸರಿಯುತ್ತದೆ.

ಸ್ವಲ್ಪ ಸಡಿಲಕ್ಕೆ ದಿನವೂ ಚಿತ್ರ ನೋಡಿ ಸರಿಪಡಿಸಿ ಮುಂದುವರಿಸುತ್ತಾರೆ. ದಿನದಿನವೂ 3 ಮಿ.ಮೀ. ಮೀರುತ್ತಿದ್ದರೆ, ಅಥವಾ ಕುತ್ತಿಗೆ ಸಣ್ಣಗಾಗಿ ಕಿವಿಯ ಕೆಳಗಿನ ಗ್ರಂಥಿ ಒಳಕ್ಕೆ ಸರಿದು ಹೆಚ್ಚು ಡೋಸ್‌ನ ಜಾಗಕ್ಕೆ ಬಂದಿದ್ದರೆ, ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಬೇಕು. ಹೊಸದು ತಯಾರಾಗುವ ತನಕ ಹಳೆಯದರಲ್ಲೇ ಕೊಡುವುದೋ ನಿಲ್ಲಿಸುವುದೋ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಆ ಕೆಲವು ದಿನ ಒಬ್ಬರ ಹೆಸರಿನಲ್ಲಿ ಎರಡು ಮಾಸ್ಕ್ ಕಪಾಟಿನಲ್ಲಿರುತ್ತವೆ. ಹೊಸ ಪ್ಲಾನ್ ಶುರುವಾದ ದಿನ ಹಳೆಯದನ್ನು ಕಪಾಟಿನಿಂದ ತೆಗೆಸಿದ್ದಾರೆಯೇ, ಹೊಸದರ ಮೇಲೆ ಹೆಸರು, ನೋಂದಣಿ ಸಂಖ್ಯೆ, ಹೆಡ್‌ರೆಸ್ಟ್‌ನ ಅಕ್ಷರ ಮತ್ತು ತಾರೀಖು ಬರೆದಿದ್ದಾರೆಯೇ ಎಂದು ಜೊತೆಗೆ ಹೋದವರು ಒಮ್ಮೆ ಕೇಳಿ ನೋಡಿಕೊಳ್ಳಿ.